ತಾರಸಿ ಮಲ್ಲಿಗೆ ಲೆಕ್ಕ: ಮೊಗ್ಗು ಎಣಿಸಿ ಆಯ್ತು, ಈಗ ಎರರ್ ಬಾರ್ ಯಾವುದು ಹಾಕುವುದು?

ಉಡುಪಿಯ ನಮ್ಮ ಮನೆ ತಾರಸಿಯ ಮಲ್ಲಿಗೆ ಚಟ್ಟಿಗಳ ಮೊದಲ ಸುತ್ತಿನ ಎಣಿಕೆ ಮುಗಿಯಿತು. ಒಂಬತ್ತು ಚಟ್ಟಿಗೆ ಬರೀ ಹಟ್ಟಿಗೊಬ್ಬರ, ಇನ್ನೊಂಬತ್ತಕ್ಕೆ ಅದರ ಜೊತೆ ನೆಲಗಡಲೆ ಹಿಂಡಿ ನೆನೆಸಿದ ನೀರು. ಯಾವ ಚಟ್ಟಿಗೆ ಯಾವುದು ಎಂದು ಚೀಟಿ ಎತ್ತಿ ಹಂಚಿದ್ದೆ. ಬಿಸಿಲು ಬೀಳುವ ಮೂಲೆಯೆಲ್ಲ ಒಂದೇ ಗುಂಪಿಗೆ ಹೋಗಬಾರದಲ್ವಾ. ಇಪ್ಪತ್ತು ದಿನ ಬೆಳಿಗ್ಗೆ ಕೊಯ್ದ ಮೊಗ್ಗು ಎಣಿಸಿ, ಪ್ರತಿ ಗಿಡಕ್ಕೂ ದಿನದ ಸರಾಸರಿ ತೆಗೆದೆ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ಹೀಗಿದೆ:

ಹಟ್ಟಿಗೊಬ್ಬರ: 22, 28, 31, 35, 40, 45, 49, 52, 58
ಹಿಂಡಿ: 36, 41, 46, 52, 53, 57, 62, 68, 71

ಸರಾಸರಿ 40 ಮತ್ತು 54. ಬಾರ್ ಚಾರ್ಟ್‌ನಲ್ಲಿ ಎರಡು ಕಂಬ ನಿಂತವು. ಕಂಬದ ತಲೆಯ ಮೇಲೆ ಎರರ್ ಬಾರ್ ಗೆರೆ ಹಾಕಲು ಕೂತಾಗ ನಿಜವಾದ ಕೆಲಸ ಶುರುವಾಯಿತು. ಒಂದೇ ಡೇಟಾ, ಒಂದೇ ಕಂಬ. ಆದರೆ ಗೆರೆ ಮೂರು ತರ ಹಾಕಬಹುದು, ಮೂರೂ ಬೇರೆ ಬೇರೆ ಕತೆ ಹೇಳುತ್ತವೆ. ಲೆಕ್ಕ ಇಷ್ಟೇ:

```python
import numpy as np
from scipy import stats

a = np.array([22, 28, 31, 35, 40, 45, 49, 52, 58])
b = np.array([36, 41, 46, 52, 53, 57, 62, 68, 71])

for x in (a, b):
    n = len(x)
    sd = x.std(ddof=1)
    se = sd / np.sqrt(n)
    ci = stats.t.ppf(0.975, n - 1) * se
    print(x.mean(), sd, se, ci)
```

`ddof=1` ಬಿಡಬೇಡಿ. ಬಿಟ್ಟರೆ NumPy 8ರ ಬದಲು 9ರಿಂದ ಭಾಗಿಸುತ್ತದೆ, ಸ್ಟ್ಯಾಂಡರ್ಡ್ ಡೀವಿಯೇಶನ್ ಸ್ವಲ್ಪ ಸಣ್ಣದಾಗಿ ಬರುತ್ತದೆ. ಎರಡೂ ಗುಂಪಿಗೆ ಉತ್ತರ ಹತ್ತಿರ ಹತ್ತಿರ ಒಂದೇ: ಸ್ಟ್ಯಾಂಡರ್ಡ್ ಡೀವಿಯೇಶನ್ 12, ಸ್ಟ್ಯಾಂಡರ್ಡ್ ಎರರ್ 4, 95% ಕಾನ್ಫಿಡೆನ್ಸ್ ಇಂಟರ್‌ವಲ್‌ನ ಅರ್ಧ ಉದ್ದ 9.

ಮೂರು ಚಾರ್ಟ್ ಪ್ರಿಂಟ್ ತೆಗೆದು, ಗೆರೆ ಯಾವುದೆಂದು ಹೇಳದೆ ಅತ್ತಿಗೆಗೆ ತೋರಿಸಿದೆ. ಅವರ ತವರು ಶಂಕರಪುರದ ಹತ್ತಿರ, ಮಲ್ಲಿಗೆ ಕಟ್ಟಿಯೇ ಬೆಳೆದವರು. ಮೊದಲನೆಯದು, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್ ಇದ್ದದ್ದು, ನೋಡಿ "ಎಂತ ವ್ಯತ್ಯಾಸವೂ ಇಲ್ಲ ಮಾರಾಯ, ಎರಡೂ ಒಂದರ ಮೇಲೊಂದು ಉಂಟು" ಎಂದರು. ಎರಡನೆಯದು ಸ್ಟ್ಯಾಂಡರ್ಡ್ ಎರರ್: "ಇದರಲ್ಲಿ ಹಿಂಡಿ ಗೆದ್ದಿದೆ." ಮೂರನೆಯದು ಕಾನ್ಫಿಡೆನ್ಸ್ ಇಂಟರ್‌ವಲ್: "ಇದು ಹೇಳಲಿಕ್ಕಾಗುವುದಿಲ್ಲ." ಗೆರೆಯ ಹೆಸರು ಬರೆಯದ ಚಾರ್ಟನ್ನು ಯಾರಾದರೂ ಹೀಗೇ ಓದುತ್ತಾರೆ.

ಆಮೇಲೆ ಅತ್ತಿಗೆ ಕೇಳಿದ್ದು ನನಗೆ ಬಹಳ ಉಪಯೋಗಕ್ಕೆ ಬಂತು. "ನಾನು ಹಿಂಡಿ ಹಾಕಿದರೆ ನನ್ನ ಒಂದು ಗಿಡದಲ್ಲಿ ಎಷ್ಟು ಮೊಗ್ಗು ಬರ್ತದೆ?" ಇದಕ್ಕೆ ಉತ್ತರ ಕೊಡುವುದು ಸ್ಟ್ಯಾಂಡರ್ಡ್ ಡೀವಿಯೇಶನ್. ಅದು ಗಿಡಕ್ಕೂ ಗಿಡಕ್ಕೂ ಇರುವ ಏರುಪೇರು. ಹಟ್ಟಿಗೊಬ್ಬರದ ಗೆರೆ 28ರಿಂದ 52ರವರೆಗೆ ಹೋಗುತ್ತದೆ. ಒಂಬತ್ತರಲ್ಲಿ ಐದು ಗಿಡ ಅದರ ಒಳಗಿವೆ, 28 ಮತ್ತು 52 ಸರಿಯಾಗಿ ಅಂಚಿನಲ್ಲಿವೆ, 22 ಮತ್ತು 58 ಹೊರಗೆ. ಹಿಂಡಿ ಕುಡಿದ ಗಿಡವೊಂದು 36 ಮೊಗ್ಗಿಗೇ ನಿಂತಿದೆ, ಬರೀ ಹಟ್ಟಿಗೊಬ್ಬರದ್ದೊಂದು 58 ಕೊಟ್ಟಿದೆ. ಒಂದೇ ಗಿಡ ಸಾಕುವವರಿಗೆ ಈ ಅಗಲ ಗೊತ್ತಿರಲೇಬೇಕು. ಇನ್ನೂ ಮೂವತ್ತು ಚಟ್ಟಿ ಸೇರಿಸಿದರೂ ಇದು ಕುಗ್ಗುವುದಿಲ್ಲ, 12ರ ಆಸುಪಾಸಿನಲ್ಲೇ ಇರುತ್ತದೆ. ಗಿಡಗಳ ಸ್ವಭಾವವೇ ಅಷ್ಟು ಹರಡಿದೆ.

ನನ್ನ ಪ್ರಶ್ನೆ ಬೇರೆ: ಹಿಂಡಿಯಿಂದ ಸರಾಸರಿ ಏರುತ್ತದೆಯೇ? ಇಲ್ಲಿ ಬೇಕಾದದ್ದು ಸರಾಸರಿ ಎಷ್ಟು ಗಟ್ಟಿ ಎಂಬುದು. ಬೇರೆ ಒಂಬತ್ತು ಗಿಡ ತೆಗೆದುಕೊಂಡಿದ್ದರೆ 40 ಎಷ್ಟು ಆಚೀಚೆ ಆಗುತ್ತಿತ್ತು? ಅದನ್ನು ಅಂದಾಜು ಮಾಡುವುದು ಸ್ಟ್ಯಾಂಡರ್ಡ್ ಎರರ್: 12ನ್ನು √9ರಿಂದ ಭಾಗಿಸಿದರೆ 4. ಗುಂಪಿಗೆ 36 ಚಟ್ಟಿ ಇದ್ದರೆ 2 ಆಗುತ್ತಿತ್ತು. ಇದು ಕಂಬದ ಮೇಲೆ ಚೊಕ್ಕವಾಗಿ, ಗಿಡ್ಡವಾಗಿ ಕಾಣುತ್ತದೆ. ಅದೇ ಅಪಾಯ. ಒಂಬತ್ತು ಗಿಡಗಳ ಲೆಕ್ಕದಲ್ಲಿ ಈ ಗೆರೆಯೊಳಗೆ ನಿಜವಾದ ಸರಾಸರಿ ಸಿಗುವುದು ಸುಮಾರು ಮೂರರಲ್ಲಿ ಎರಡು ಸಲ ಮಾತ್ರ. ಓದುವವರು ಅದನ್ನೇ ಪೂರ್ತಿ ಭರವಸೆ ಎಂದುಕೊಳ್ಳುತ್ತಾರೆ.

ಕಾನ್ಫಿಡೆನ್ಸ್ ಇಂಟರ್‌ವಲ್ ಅದೇ ಸ್ಟ್ಯಾಂಡರ್ಡ್ ಎರರನ್ನು ಹಿಗ್ಗಿಸಿದ್ದು. ಇದೇ ತರದ ಪ್ರಯೋಗ ಮತ್ತೆ ಮತ್ತೆ ಮಾಡಿದರೆ, ಸಿಗುವ ಇಂಟರ್‌ವಲ್‌ಗಳಲ್ಲಿ ನೂರಕ್ಕೆ ಸುಮಾರು 95 ನಿಜವಾದ ಸರಾಸರಿಯನ್ನು ಹಿಡಿದಿರುತ್ತವೆ. ಎಷ್ಟು ಹಿಗ್ಗಿಸಬೇಕು ಎಂಬುದು ಗಿಡಗಳ ಸಂಖ್ಯೆಯ ಮೇಲೆ ನಿಂತಿದೆ. ಒಂಬತ್ತಕ್ಕೆ 2.3 ಪಟ್ಟು. ಮೂರೇ ಗಿಡ ಇದ್ದರೆ 4.3 ಪಟ್ಟು! ಸುಮ್ನೆ ಎಲ್ಲ ಕಡೆ ಎರಡರಿಂದ ಗುಣಿಸುವ ಅಭ್ಯಾಸ ಸಣ್ಣ ಪ್ರಯೋಗದಲ್ಲಿ ಕೈಕೊಡುತ್ತದೆ.

ಈಗ ಅತ್ತಿಗೆಯ "ಹೇಳಲಿಕ್ಕಾಗುವುದಿಲ್ಲ" ಎಂಬ ಮಾತಿಗೆ ಬರೋಣ. ಹಟ್ಟಿಗೊಬ್ಬರದ ಇಂಟರ್‌ವಲ್ 31ರಿಂದ 49, ಹಿಂಡಿಯದ್ದು 45ರಿಂದ 63. 45ರಿಂದ 49ರ ನಡುವೆ ಎರಡೂ ಸೇರಿಕೊಂಡಿವೆ. ಹಾಗಾದರೆ ವ್ಯತ್ಯಾಸ ಇಲ್ಲ ಅಂತಲೇ? ಅಲ್ಲ. ವ್ಯತ್ಯಾಸ ಕೇಳಬೇಕಾದರೆ ವ್ಯತ್ಯಾಸದ್ದೇ ಇಂಟರ್‌ವಲ್ ತೆಗೆಯಬೇಕು. ಎರಡು ಸ್ಟ್ಯಾಂಡರ್ಡ್ ಎರರ್‌ಗಳನ್ನು ನೇರವಾಗಿ ಕೂಡಿದರೆ 8; ಆದರೆ ಎರಡು ಸರಾಸರಿಗಳೂ ಒಟ್ಟಿಗೆ ಒಂದು ಪೂರ್ತಿ ಮೇಲಕ್ಕೆ, ಒಂದು ಪೂರ್ತಿ ಕೆಳಕ್ಕೆ ಜಾರುವುದು ಅಪರೂಪ. ಹಾಗಾಗಿ ವರ್ಗ ಮಾಡಿ ಕೂಡಿ ವರ್ಗಮೂಲ ತೆಗೆಯುತ್ತೇವೆ: √(4² + 4²), ಅಂದರೆ ಸುಮಾರು 5.7. ಎರಡೂ ಗುಂಪು ಸೇರಿ ಹದಿನೆಂಟು ಗಿಡ ಇರುವುದರಿಂದ ಹಿಗ್ಗಿಸುವ ಪಟ್ಟು ಇಲ್ಲಿ 2.12; ಗುಣಿಸಿದರೆ ಸುಮಾರು 12. ವ್ಯತ್ಯಾಸ 14, ಇಂಟರ್‌ವಲ್ 2ರಿಂದ 26. ಸೊನ್ನೆ ಒಳಗಿಲ್ಲ. ಹಿಂಡಿ ಕೆಲಸ ಮಾಡಿದೆ ಎನ್ನಲು ಇದು ಸಾಕು. ದಿನಕ್ಕೆ ಎರಡು ಮೊಗ್ಗು ಜಾಸ್ತಿಯೋ ಇಪ್ಪತ್ತಾರೋ ಎನ್ನಲು ಏನೇನೂ ಸಾಲದು. ಹಿಂಡಿಯ ದುಡ್ಡು ಹುಟ್ಟುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಈ ಅಗಲದಲ್ಲೇ ಸಿಕ್ಕಿಕೊಂಡಿದೆ.

ಇನ್ನೊಂದು ಮಾತು, ಇದು ಮುಖ್ಯ. ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಗುಂಪಿಗೆ 180 ಎಣಿಕೆ ಇವೆ. √9ರ ಬದಲು √180 ಹಾಕಿದರೆ ಸ್ಟ್ಯಾಂಡರ್ಡ್ ಎರರ್ ಗೆರೆ ಚುಕ್ಕಿಯಷ್ಟು ಸಣ್ಣದಾಗುತ್ತದೆ. ಆದರೆ ಒಂದೇ ಗಿಡವನ್ನು ಇಪ್ಪತ್ತು ದಿನ ಎಣಿಸಿದ ಮಾತ್ರಕ್ಕೆ ಅದು ಇಪ್ಪತ್ತು ಗಿಡ ಆಗುವುದಿಲ್ಲ. ಗೊಬ್ಬರ ಹಾಕಿದ್ದು ಗಿಡಕ್ಕೆ, ದಿನಕ್ಕಲ್ಲ. ಹಾಗಾಗಿ n ಅಂದರೆ ಗಿಡ. ಯಾರದ್ದಾದರೂ ಚಾರ್ಟ್‌ನಲ್ಲಿ ಗೆರೆ ಅನುಮಾನ ಬರುವಷ್ಟು ಸಣ್ಣದಿದ್ದರೆ ನಾನು ಮೊದಲು ಕೇಳುವುದು ಇದನ್ನೇ: n ಯಾವುದು?

ಎಕ್ಸೆಲ್ ಬಳಸುವವರು ಗಮನಿಸಿ. ಚಾರ್ಟ್‌ನ ಮೆನುವಿನಲ್ಲಿ `Standard Error` ಆರಿಸಿದರೆ ಅದು ಕಂಬಗಳ ಎತ್ತರದಿಂದ, ಇಲ್ಲಿ 40 ಮತ್ತು 54ರಿಂದ, ಲೆಕ್ಕ ಹಾಕುತ್ತದೆ. ಗಿಡಗಳ ಡೇಟಾ ಅದಕ್ಕೆ ಗೊತ್ತೇ ಇರುವುದಿಲ್ಲ. ಎಲ್ಲ ಕಂಬಕ್ಕೂ ಒಂದೇ ಉದ್ದದ ಗೆರೆ ಬಂದರೆ ಗುರುತು ಸಿಕ್ಕಿತು. `Custom` ಒತ್ತಿ ನಿಮ್ಮ ಸಂಖ್ಯೆಯನ್ನೇ ಕೊಡಿ.

ಸದ್ಯಕ್ಕೆ ಕಂಬದ ಜೊತೆ ಒಂಬತ್ತೊಂಬತ್ತು ಚುಕ್ಕಿಗಳನ್ನೂ ಹಾಕಿದ್ದೇನೆ. ಹರಡಿಕೆ ಕಣ್ಣಿಗೇ ಕಾಣುವುದರಿಂದ ಗೆರೆಯನ್ನು ಕಾನ್ಫಿಡೆನ್ಸ್ ಇಂಟರ್‌ವಲ್‌ಗೆ ಬಿಟ್ಟುಕೊಟ್ಟೆ. ಕೆಳಗೆ ಬರೆದದ್ದು: "ಚುಕ್ಕಿ ಒಂದೊಂದು ಗಿಡ; ಗೆರೆ ಸರಾಸರಿಯ 95% ಕಾನ್ಫಿಡೆನ್ಸ್ ಇಂಟರ್‌ವಲ್; n = 9 ಗಿಡ." ಮಳೆಗಾಲದಲ್ಲಿ ಹೂ ಕಡಿಮೆ, ಎಣಿಕೆ ನಿಲ್ಲಿಸುತ್ತೇನೆ. ಮುಂದಿನ ಬೇಸಿಗೆಗೆ ಗುಂಪಿಗೆ ಹದಿನೆಂಟು ಚಟ್ಟಿ ಮಾಡುವ ಆಲೋಚನೆ ಉಂಟು. ಏರುಪೇರು ಹೀಗೇ ಇದ್ದರೆ ವ್ಯತ್ಯಾಸದ ಇಂಟರ್‌ವಲ್‌ನ ಅರ್ಧ ಉದ್ದ 12ರಿಂದ ಸುಮಾರು 8ಕ್ಕೆ ಇಳಿಯಬೇಕು. ಗೆಲ್ಲು ನೆಡಲು ಅತ್ತಿಗೆಗೆ ಹೇಳಿಟ್ಟಿದ್ದೇನೆ.