ಕಾಯುವುದು ಉಪ್ಪು ಮತ್ತು ಹುಳಿ, ಎಣ್ಣೆ ಬರೀ ಮುಚ್ಚಳ

"ಉಪ್ಪು, ಎಣ್ಣೆ ಅಷ್ಟೊಂದು ಹಾಕಿರ್ತೀವಲ್ಲ, ಉಪ್ಪಿನಕಾಯಿಗೆ ಬ್ಯಾಕ್ಟೀರಿಯಾ ಹಿಡಿಯಲ್ಲ ಅಲ್ವಾ? ಎಷ್ಟು ದಿನ ಇಟ್ಕೊಂಡು ತಿನ್ನಬಹುದು?"

ಯಾವ ಉಪ್ಪಿನಕಾಯಿ ಅಂತ ಮೊದಲು ಹೇಳಿ. ಹಳೇ ಲೆಕ್ಕದಲ್ಲಿ ಉಪ್ಪು ಹಾಕಿದ ಮಾವಿನ ಮಿಡಿ ಆದರೆ ಒಂದು ವರ್ಷ ನಿಶ್ಚಿಂತೆ. ಜಾಡಿ ಚೆನ್ನಾಗಿದ್ದರೆ ಎರಡು ವರ್ಷಕ್ಕೂ ಏನೂ ಆಗುವುದಿಲ್ಲ. ಎಣ್ಣೆಯಲ್ಲಿ ಮುಳುಗಿಸಿದ ಬೆಳ್ಳುಳ್ಳಿ ಆದರೆ ನನ್ನ ಉತ್ತರವೇ ಬೇರೆ. ಎಣ್ಣೆ ಒಂದು ಬ್ಯಾಕ್ಟೀರಿಯಾವನ್ನೂ ಕೊಲ್ಲುವುದಿಲ್ಲ. ಕೆಲಸ ಮಾಡುವುದು ಉಪ್ಪು ಮತ್ತು ಹುಳಿ.

ಮಿಡಿ ಹಾಕುವುದನ್ನು ನೋಡಿದವರಿಗೆ ಇದು ಸುಲಭವಾಗಿ ಗೊತ್ತಾಗುತ್ತದೆ. ನಮ್ಮ ಮಲೆನಾಡಿನ ಕಡೆ ತೊಟ್ಟು ಸಮೇತ ಕೊಯ್ದ ಮಿಡಿಯನ್ನು ತೊಳೆದು, ನೀರಿನ ಪಸೆ ಇಲ್ಲದ ಹಾಗೆ ಒರೆಸಿ, ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು ಅಂತ ಜಾಡಿಗೆ ತುಂಬುತ್ತಾರೆ. ಒಂದು ಹನಿ ನೀರೂ ಹಾಕುವುದಿಲ್ಲ. ನಾಲ್ಕೈದು ದಿನ ಬಿಟ್ಟು ನೋಡಿದರೆ ಜಾಡಿಯ ತುಂಬ ನೀರು, ಮಿಡಿ ಸುಕ್ಕುಗಟ್ಟಿರುತ್ತದೆ. ಆ ನೀರೆಲ್ಲ ಮಿಡಿಯ ಒಳಗಿಂದ ಉಪ್ಪು ಎಳೆದದ್ದು. ಬ್ಯಾಕ್ಟೀರಿಯಾಕ್ಕೂ ಆಗುವುದು ಇದೇ. ಅದರ ಮೈಯೊಳಗಿನ ನೀರನ್ನು ಸುತ್ತಲಿನ ಉಪ್ಪು ಹೊರಗೆ ಎಳೆಯುತ್ತದೆ. ಜಾಡಿ ತುಂಬ ನೀರಿದ್ದರೂ ಅದಕ್ಕೆ ಕುಡಿಯಲು ಸಿಗುವುದಿಲ್ಲ. ಸಾಯದಿದ್ದರೂ ಸುಮ್ನೆ ಬಿದ್ದಿರುತ್ತದೆ, ಬೆಳೆಯುವುದಿಲ್ಲ. ಅಂದರೆ ಉಪ್ಪಿನಕಾಯಿ ಬ್ಯಾಕ್ಟೀರಿಯಾ ಇಲ್ಲದ ಪದಾರ್ಥ ಅಲ್ಲ, ಬ್ಯಾಕ್ಟೀರಿಯಾ ಬೆಳೆಯಲಾಗದ ಪದಾರ್ಥ. ಉಪ್ಪು ಕಡಿಮೆಯಾದ ಕೂಡಲೇ ಮಲಗಿದ್ದು ಏಳುತ್ತದೆ.

ಹಾಗಾದರೆ ಎಷ್ಟು ಉಪ್ಪು? ಒಂದು ಕಿಲೋ ಮಿಡಿಯ ಲೆಕ್ಕ ಹಾಕೋಣ. ಅದರಲ್ಲಿ ಹೆಚ್ಚುಕಡಿಮೆ 830 ಗ್ರಾಂ ನೀರೇ ಇರುತ್ತದೆ ಅಂದುಕೊಳ್ಳಿ. ಕಾಲು ಕಿಲೋ ಉಪ್ಪು ಹಾಕಿದರೆ, ಉಪ್ಪು ಪೂರ್ತಿ ಕರಗಿ ಮಿಡಿಯ ಒಳಗೂ ಹೊರಗೂ ಸಮನಾದ ಮೇಲೆ ಉಪ್ಪುನೀರಿನಲ್ಲಿ ಶೇ. 23ರಷ್ಟು ಉಪ್ಪಿರುತ್ತದೆ. ನೀರಿನಲ್ಲಿ ಉಪ್ಪು ಕರಗುವುದೇ ಶೇ. 26ರವರೆಗೆ, ಹಾಗಾಗಿ ಇದು ಹತ್ತಿರಹತ್ತಿರ ತುದಿ ಮುಟ್ಟಿದ ಹಾಗೆ. 100 ಗ್ರಾಂ ಹಾಕಿದರೆ ಶೇ. 11ರ ಆಸುಪಾಸು. "ಬಿಪಿ ಇದೆ, ಉಪ್ಪು ಕಮ್ಮಿ ಹಾಕಿ" ಅಂತ 50 ಗ್ರಾಂ ಹಾಕಿದರೆ ಶೇ. 6 ಕೂಡ ಬರುವುದಿಲ್ಲ.

ಭೇದಿ ಹಿಡಿಸುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಶೇ. 10ರ ಹೊತ್ತಿಗೆ ಕೈಚೆಲ್ಲುತ್ತವೆ. ಶೇ. 6 ಅವಕ್ಕೆ ಲೆಕ್ಕಕ್ಕಿಲ್ಲ. ಆದರೆ ಉಪ್ಪಿಗೆ ಹೆದರದವೂ ಇವೆ. ನಮ್ಮ ಚರ್ಮದ ಮೇಲೆ, ಗಾಯದ ಕೀವಿನಲ್ಲಿ ಇರುವ ಸ್ಟ್ಯಾಫಿಲೊಕಾಕಸ್ ಶೇ. 15ರ ಉಪ್ಪಿನಲ್ಲೂ ಬೆಳೆಯಬಲ್ಲದು. ಅದನ್ನು ತಡೆಯುವುದು ಹುಳಿ. ಮಿಡಿ, ನಿಂಬೆಹಣ್ಣು ಎರಡೂ ಸಹಜವಾಗಿ ಎಷ್ಟು ಹುಳಿ ಎಂದರೆ, ಉಪ್ಪಿನ ಜೊತೆ ಸೇರಿದಾಗ ರೋಗ ತರುವ ಬ್ಯಾಕ್ಟೀರಿಯಾಗಳಿಗೆ ತಲೆ ಎತ್ತಲು ಜಾಗವೇ ಇಲ್ಲ. ಅರೆದು ಹಾಕುವ ಸಾಸಿವೆಯ ಘಾಟು ಕೂಡ ಸ್ವಲ್ಪ ಸಹಾಯ ಮಾಡುತ್ತದೆ, ಆದರೆ ಅದನ್ನೇ ನಂಬಿ ಕೂರುವಷ್ಟಲ್ಲ.

ಉಪ್ಪನ್ನು ಲೋಟದಲ್ಲಿ ಅಳೆಯುವವರಿಗೆ ಒಂದು ಮಾತು. ಒಂದು ಲೋಟ ಹರಳುಪ್ಪಿಗಿಂತ ಒಂದು ಲೋಟ ಪುಡಿಯುಪ್ಪು ತೂಕದಲ್ಲಿ ಜಾಸ್ತಿ, ಯಾಕೆಂದರೆ ಹರಳಿನ ಮಧ್ಯೆ ಗಾಳಿ ಇರುತ್ತದೆ. ಅಜ್ಜಿಯ ಅಳತೆಯನ್ನು ಬೇರೆ ಉಪ್ಪಿನಲ್ಲಿ ಮಾಡುವುದಾದರೆ ತಕ್ಕಡಿ ಹಿಡಿಯುವುದೇ ಒಳ್ಳೆಯದು.

ಇಷ್ಟೆಲ್ಲ ಇದ್ದರೂ ಜಾಡಿ ಕೆಡುತ್ತದಲ್ಲ, ಅದು ಹೇಗೆ? ಬಹುತೇಕ ಸಲ ಮೇಲಿಂದಲೇ. "ಒದ್ದೆ ಸೌಟು ಹಾಕಬೇಡ" ಅಂತ ಮನೆಯಲ್ಲಿ ಗದರಿಸುತ್ತಾರಲ್ವಾ? ಅಷ್ಟು ದೊಡ್ಡ ಜಾಡಿಗೆ ನಾಲ್ಕು ಹನಿ ನೀರು ಏನು ಮಾಡೀತು ಅನ್ನಿಸುತ್ತದೆ. ಆದರೆ ಸಿಹಿನೀರು ಉಪ್ಪುನೀರಿಗಿಂತ ಹಗುರ. ಬಿದ್ದ ಹನಿ ಕೆಳಗೆ ಇಳಿದು ಬೆರೆಯುವುದಿಲ್ಲ, ಮೇಲೆಯೇ ತೆಳ್ಳಗೆ ಹರಡಿಕೊಳ್ಳುತ್ತದೆ. ಕೆಳಗೆ ಶೇ. 20 ಉಪ್ಪಿದ್ದರೂ ಆ ಮೇಲಿನ ಪದರದಲ್ಲಿ ಉಪ್ಪು ತೀರಾ ಕಮ್ಮಿ, ಜೊತೆಗೆ ಗಾಳಿಯೂ ಸಿಗುತ್ತದೆ. ಬೂಷ್ಟು ಕೂರುವುದು ಅಲ್ಲಿ. ಸೌಟೇ ಬೇಕೆಂದಿಲ್ಲ. ಬಿಸಿ ಆರುವ ಮೊದಲೇ ಮುಚ್ಚಳ ಬಿಗಿದರೆ ಆವಿ ಮುಚ್ಚಳದ ಒಳಗೆ ನೀರಾಗಿ ತೊಟ್ಟಿಕ್ಕುತ್ತದೆ, ಅದೂ ಇದೇ ಕೆಲಸ ಮಾಡುತ್ತದೆ. ಹಾಗಾಗಿ ಮಿಡಿ ಬಿಟ್ಟ ಉಪ್ಪುನೀರನ್ನು ತೆಗೆದು ಕುದಿಸುವವರು ಅದು ಪೂರ್ತಿ ತಣ್ಣಗಾದ ಮೇಲೆಯೇ ಮತ್ತೆ ಮಿಡಿಯ ಮೇಲೆ ಸುರಿಯಬೇಕು.

ಎಣ್ಣೆಯ ಉಪಯೋಗ ಇಲ್ಲಿದೆ. ಬೂಷ್ಟಿಗೆ ಗಾಳಿ ಬೇಕು, ಎಣ್ಣೆ ಅದನ್ನು ತಡೆಯುತ್ತದೆ. ಆದ್ದರಿಂದಲೇ ಹೋಳು ಎಣ್ಣೆಯಿಂದ ಮೇಲೆ ಇಣುಕಬಾರದು, ಕಡೇಪಕ್ಷ ಅರ್ಧ ಸೆಂಟಿಮೀಟರ್ ಎಣ್ಣೆ ಮೇಲೆ ನಿಂತಿರಬೇಕು. ಇಣುಕುವ ಒಂದೇ ಒಂದು ಹೋಳಿನಿಂದ ಬೂಷ್ಟು ಶುರುವಾಗಿ ಜಾಡಿ ಪೂರ್ತಿ ಹೋದದ್ದನ್ನು ನೋಡಿದ್ದೇನೆ. ಎಣ್ಣೆ ಇದ್ದರೆ ಒದ್ದೆ ಸೌಟು ನಡೆಯುತ್ತದೆ ಅನ್ನುವ ಹಾಗೂ ಇಲ್ಲ. ನೀರು ಎಣ್ಣೆಗಿಂತ ಭಾರ, ಹನಿ ಎಣ್ಣೆ ದಾಟಿ ಕೆಳಗಿಳಿದು ಉಪ್ಪುನೀರಿನ ತಲೆಯ ಮೇಲೆ ಕೂರುತ್ತದೆ. ಗಾಳಿ ಬೇಡದ ಯೀಸ್ಟ್ ಅಲ್ಲಿ ಬೆಳೆದು ಗುಳ್ಳೆ ಎಬ್ಬಿಸುತ್ತದೆ.

ಈಗ ಬೆಳ್ಳುಳ್ಳಿ. ಗಾಳಿ ಇಲ್ಲದಿದ್ದರೇ ಬೆಳೆಯುವ ಒಂದು ಬ್ಯಾಕ್ಟೀರಿಯಾ ಇದೆ, ಕ್ಲಾಸ್ಟ್ರಿಡಿಯಂ ಬೊಟುಲಿನಮ್. ಮಣ್ಣಿನಲ್ಲಿ ಇರುತ್ತದೆ, ಬೆಳ್ಳುಳ್ಳಿ ಮಣ್ಣಿನಿಂದಲೇ ಬರುತ್ತದೆ. ಅದರ ಬೀಜಾಣು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಬೆಳ್ಳುಳ್ಳಿಯಲ್ಲಿ ಹುಳಿ ಇಲ್ಲ. ಉಪ್ಪು ಕಮ್ಮಿ ಹಾಕಿ, ಎಣ್ಣೆಯಲ್ಲಿ ಮುಳುಗಿಸಿ, ಅಡುಗೆಮನೆಯ ಕಟ್ಟೆಯ ಮೇಲಿಟ್ಟರೆ ಅದಕ್ಕೆ ಬೇಕಾದ್ದೆಲ್ಲ ನಾವೇ ಒದಗಿಸಿದ ಹಾಗಾಯಿತು. ಇದು ಬರೀ ಹೆದರಿಸುವ ಮಾತಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರಿನ ಒಂದು ಹೋಟೆಲಿನಲ್ಲಿ ಊಟ ಮಾಡಿದ 36 ಮಂದಿಗೆ ಈ ಬ್ಯಾಕ್ಟೀರಿಯಾದ ವಿಷದಿಂದ ಬರುವ ಬೊಟುಲಿಸಂ ಕಾಯಿಲೆ ಆಯಿತು. ಕಾರಣ, ಸೋಯಾ ಎಣ್ಣೆಯಲ್ಲಿ ಹಾಕಿ ಬಾಟಲಿ ತುಂಬಿಸಿದ ಹೆಚ್ಚಿದ ಬೆಳ್ಳುಳ್ಳಿ, ಅದನ್ನು ಫ್ರಿಜ್‌ನಲ್ಲಿ ಇಟ್ಟಿರಲಿಲ್ಲ. ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯೂ ಇರಬೇಕೆಂದಿಲ್ಲ. ನರಗಳನ್ನು ಹಿಡಿಯುತ್ತದೆ. ಕಣ್ಣಿಗೆ ಎರಡೆರಡು ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು ಶುರುವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇದನ್ನು ತಡೆಯುವುದೂ ಹುಳಿಯೇ. ಹುಳಿಯನ್ನು ಅಳೆಯುವ ಪಿಎಚ್ ಅಂಕಿ ಇಳಿದಷ್ಟೂ ಹುಳಿ ಜಾಸ್ತಿ, ಅದು 4.6ಕ್ಕಿಂತ ಕೆಳಗಿದ್ದರೆ ಬೊಟುಲಿನಮ್ ಬೆಳೆಯುವುದಿಲ್ಲ. ಮಿಡಿ, ನಿಂಬೆಹಣ್ಣು ಅದಕ್ಕಿಂತ ಬಹಳ ಕೆಳಗೇ ಇವೆ, ಆದ್ದರಿಂದ ಅವುಗಳ ವಿಷಯದಲ್ಲಿ ಈ ಭಯ ಬೇಡ. ಬೆಳ್ಳುಳ್ಳಿಗೆ ನಿಂಬೆರಸ ಅಥವಾ ವಿನೆಗರ್ ಧಾರಾಳವಾಗಿ ಹಾಕಬೇಕು. ರಸ ಇಡೀ ಎಸಳಿನ ನಡುವಿನ ತನಕ ಇಳಿಯಲು ಸಮಯ ಬೇಕು, ಹಾಗಾಗಿ ಹೆಚ್ಚಿ ಹಾಕುವುದು ವಾಸಿ. ಹೀಗೆ ಮಾಡಿದ್ದನ್ನೂ ನಾನು ಫ್ರಿಜ್‌ನಲ್ಲೇ ಇಟ್ಟು ಒಂದು ತಿಂಗಳೊಳಗೆ ಖಾಲಿ ಮಾಡುತ್ತೇನೆ. ಹುಳಿ ಇಲ್ಲದೆ ಬರೀ ಎಣ್ಣೆಯಲ್ಲಿ ಹಾಕಿದ ಬೆಳ್ಳುಳ್ಳಿ ಫ್ರಿಜ್‌ನಲ್ಲೂ ನಾಲ್ಕು ದಿನದ ಮಾತು. ಅಣಬೆ, ಬೇಯಿಸಿದ ತರಕಾರಿ, ಕೋಳಿ, ಸಿಗಡಿ ಉಪ್ಪಿನಕಾಯಿಗಳೂ ಈ ಗುಂಪಿಗೇ ಸೇರಿದವು. "ಎಣ್ಣೆ ಮೇಲೆ ನಿಂತಿದೆ, ಏನೂ ಆಗಲ್ಲ" ಅನ್ನುವ ಮಾತು ಇಲ್ಲಿ ಪೂರ್ತಿ ತಪ್ಪು.

ಉಳಿದವುಗಳ ಬಾಳಿಕೆ ಹೇಳಿಬಿಡುತ್ತೇನೆ. ಎಣ್ಣೆ ಹಾಕಿದ ಮಾವಿನ ಹೋಳು ಒಂದು ವರ್ಷ, ಆಮೇಲೆ ಮೊದಲು ಕೆಡುವುದು ಎಣ್ಣೆ. ಮುಚ್ಚಳ ತೆಗೆದಾಗ ಕಮಟು ವಾಸನೆ ಬಂದರೆ ಅದು ಬ್ಯಾಕ್ಟೀರಿಯಾ ಅಲ್ಲ, ಗಾಳಿ ಬೆಳಕಿಗೆ ಎಣ್ಣೆ ಹಳಸಿದ್ದು. ನಿಂಬೆ ಉಪ್ಪಿನಕಾಯಿ ಒಂದೆರಡು ವರ್ಷ ಬರುತ್ತದೆ, ಕಪ್ಪಾದಷ್ಟೂ ರುಚಿ ಅನ್ನುವವರೂ ಇದ್ದಾರೆ. ಕ್ಯಾರೆಟ್, ಹೂಕೋಸಿನ ದಿಢೀರ್ ಉಪ್ಪಿನಕಾಯಿ ಫ್ರಿಜ್‌ನಲ್ಲಿ ಒಂದೆರಡು ವಾರ. ಅಂಗಡಿ ಬಾಟಲಿಯ ಮೇಲಿನ ತಾರೀಕು ಸೀಲು ಒಡೆಯುವವರೆಗಿನದು, ಒಡೆದ ಮೇಲೆ ನಿಮ್ಮ ಸೌಟಿನ ಮೇಲೆ ಹೋಗುತ್ತದೆ. ಮಿಡಿಯಲ್ಲಿ ಒಂದು ಜಾಣ ಪದ್ಧತಿ ಇದೆ. ಎಲ್ಲಕ್ಕೂ ಒಟ್ಟಿಗೇ ಮಸಾಲೆ ಬೆರೆಸದೆ, ಮಿಡಿಯನ್ನು ಉಪ್ಪಿನಲ್ಲೇ ಇಟ್ಟುಕೊಂಡು ಬೇಕಾದಾಗ ಒಂದು ಸಣ್ಣ ಬಾಟಲಿಗೆ ಆಗುವಷ್ಟು ಮಾತ್ರ ಸಾಸಿವೆ, ಮೆಣಸು ಅರೆದು ಹಾಕುವುದು. ಸಾಸಿವೆಯ ಘಾಟೂ ತಾಜಾ, ದೊಡ್ಡ ಜಾಡಿಯನ್ನು ದಿನಾ ತೆರೆಯುವ ಕಾಟವೂ ಇಲ್ಲ.

ಮೇಲೆ ಬಿಳಿ ಕಂಡರೆ ಕೂಡಲೇ ಎಸೆಯಬೇಡಿ. ಚೂರು ತೆಗೆದು ಬೆರಳಲ್ಲಿ ಉಜ್ಜಿ. ಮರಳಿನ ಹಾಗೆ ಸಿಕ್ಕಿ, ನೀರಿನಲ್ಲಿ ಕರಗಿದರೆ ಅದು ಉಪ್ಪಿನ ಹರಳು. ಸುಕ್ಕು ಸುಕ್ಕಾದ ತೆಳು ಕೆನೆಯ ಹಾಗಿದ್ದರೆ ಯೀಸ್ಟ್. ಅದು ತಾನಾಗಿ ವಿಷವಲ್ಲ, ಆದರೆ ಉಪ್ಪಿನಕಾಯಿಯ ಹುಳಿಯನ್ನು ತಿಂದು ಮುಗಿಸುತ್ತದೆ. ಆಗತಾನೇ ಕಟ್ಟಿದ್ದು, ಮಿಡಿ ಕಚ್ಚಿದರೆ ಕಟಕ್ ಅನ್ನುವಷ್ಟು ಗಟ್ಟಿ ಇದೆ, ಉಪ್ಪೂ ಮೊದಲಿಂದ ಸರಿಯಾಗಿ ಬಿದ್ದಿದೆ ಅಂದರೆ ನಾನು ಕೆನೆ ತೆಗೆದು, ಹುರಿದು ಆರಿಸಿದ ಉಪ್ಪು ಸೇರಿಸಿ, ಮೊದಲು ಅದನ್ನೇ ಖಾಲಿ ಮಾಡುತ್ತೇನೆ. ಮಿಡಿ ಒತ್ತಿದರೆ ಮೆತ್ತಗೆ ಲೋಳೆಯಾಗಿದ್ದರೆ, ಹಸಿರು ಕಪ್ಪು ಬಣ್ಣದ ಜೂಲು ಬೂಷ್ಟು ಇದ್ದರೆ, ತೆಗೆದಾಗ ಬುಸ್ಸೆಂದು ಗಾಳಿ ಬಂದರೆ ಜಾಡಿ ಪೂರ್ತಿ ತಿಪ್ಪೆಗೆ. ಬೂಷ್ಟಿನ ಬೇರು ಕಣ್ಣಿಗೆ ಕಾಣುವುದಕ್ಕಿಂತ ಆಳಕ್ಕೆ ಇಳಿದಿರುತ್ತದೆ. ಬೆಳ್ಳುಳ್ಳಿಯದಾದರೆ ಅನುಮಾನ ಬಂದ ಮೇಲೆ ನಾಲಿಗೆಗೆ ಇಟ್ಟೂ ನೋಡಬೇಡಿ.

ಬಿಪಿ ಇರುವವರು ಏನು ಮಾಡಬೇಕು? ಜಾಡಿಯ ಉಪ್ಪಿಗೆ ಕೈ ಹಾಕಬೇಡಿ, ತಟ್ಟೆಯಲ್ಲಿ ಕಮ್ಮಿ ಮಾಡಿ. ಸುಕ್ಕಾದ ಒಂದು ಮಿಡಿ 10 ಗ್ರಾಂ ಅಂದರೂ ಅದರಲ್ಲಿ 2 ಗ್ರಾಂ ಹತ್ತಿರ ಉಪ್ಪಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಇರಲಿ ಅಂತ. ಕಮ್ಮಿ ಉಪ್ಪಿನದೇ ಬೇಕು ಅಂದರೆ ಸ್ವಲ್ಪವೇ ಮಾಡಿ, ಫ್ರಿಜ್‌ನಲ್ಲಿಡಿ, ಎರಡು ವಾರದಲ್ಲಿ ಮುಗಿಸಿ. ಅದು ಉಪ್ಪಿನಕಾಯಿಗಿಂತ ಕೋಸಂಬರಿಗೇ ಹತ್ತಿರದ್ದು, ಹಾಗೆಯೇ ನೋಡಿಕೊಳ್ಳಬೇಕು.