ಚಿನ್ನ ಕಪ್ಪಾಗುವ ಕತೆ

ಇವತ್ತು ಮೈಸೂರು ಶೈಲಿಯ ಲಕ್ಷ್ಮಿ ಚಿತ್ರದ ಫೋಟೊ ತೆಗೆಯುತ್ತಿದ್ದೆ, ಪ್ರಿಂಟಿಗೆ. ಗಾಜು ಬಿಚ್ಚಿಸಿ, ಎರಡೂ ಪಕ್ಕದಿಂದ 45 ಡಿಗ್ರಿಯಲ್ಲಿ ಒಂದೊಂದು ಲೈಟು. ನಾಲ್ಕು ಮೂಲೆ ಮತ್ತು ನಡುವೆ ಬಿಳಿ ಹಾಳೆ ಹಿಡಿದು ಬೆಳಕು ಸಮ ಇದೆಯೇ ನೋಡಿಕೊಂಡೆ. ಲೈಟುಗಳಿಗೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಪೋಲರೈಸಿಂಗ್ ಹಾಳೆ, ಲೆನ್ಸಿಗೆ ಅದಕ್ಕೆ ಅಡ್ಡವಾಗಿ ಅಂಥದ್ದೇ ಫಿಲ್ಟರ್. ವಾರ್ನಿಶ್ಶಿನ ಹೊಳಪು ಪೂರ್ತಿ ಮಾಯ. ಜೊತೆಗೆ ಒಡವೆಯ ಚಿನ್ನವೂ! ಲೋಹಕ್ಕೆ ಬಣ್ಣ ಬರುವುದೇ ಪ್ರತಿಫಲನದಿಂದ. ಅದನ್ನು ತಡೆದರೆ ಚಿನ್ನದ ರೇಕು ಮಸಿ ಬಳಿದಂತೆ ಕಾಣುತ್ತದೆ.

ಹಾಗಾಗಿ ಎರಡು ಶಾಟ್. ಬಣ್ಣಗಳಿಗೆ ಪೂರ್ತಿ ಅಡ್ಡ ಫಿಲ್ಟರಿನದು. ಚಿನ್ನಕ್ಕೆ ಮಾತ್ರ ಫಿಲ್ಟರನ್ನು ಚೂರು ತಿರುಗಿಸಿದ್ದು, ರೇಕಿನಡಿಯ ಗೆಸ್ಸೊ ಲೇಪದ ಉಬ್ಬಿನ ಅಂಚು ಮಿನುಗುವಷ್ಟು. ಕಲರ್ ಚಾರ್ಟ್ ಮೊದಲನೆಯದರಲ್ಲೇ, ಅದೇ ಬೆಳಕಲ್ಲಿ. ಎಷ್ಟು ಮಿನುಗಬೇಕು ಅನ್ನುವುದನ್ನು ಮಾತ್ರ ಯಾವ ಚಾರ್ಟೂ ಹೇಳುವುದಿಲ್ಲ. ಮೂಲ ಚಿತ್ರ ಪಕ್ಕದಲ್ಲಿಟ್ಟುಕೊಂಡು ಕಣ್ಣಳತೆಯಲ್ಲೇ ಹೊಂದಿಸಿದೆ.