ಮೋಟಾರ್ ತಿರುಗಿದ ಮೇಲೆ ಆರಿದ ಕಾವು: ಇನ್‌ಕ್ಯುಬೇಟರ್ ಕಂಟ್ರೋಲರ್, ಮೂರನೇ ಹಂತ

ಪೆಟ್ಟಿಗೆ ಹಳೆಯದೇ: ಮೀನು ಸಾಗಿಸುವ ದಪ್ಪ ಥರ್ಮಾಕೋಲ್ ಪೆಟ್ಟಿಗೆ, 48 ಕೋಳಿ ಮೊಟ್ಟೆ ಹಿಡಿಯುವ ಟ್ರೇ, 40 ವ್ಯಾಟ್‌ನ ಎರಡು ಬಲ್ಬ್, ಒಳಗೆ ಸದಾ ಓಡುವ ಪುಟ್ಟ ಫ್ಯಾನ್. ಒಂದು ಬಲ್ಬ್ ಸುಟ್ಟರೂ ಇನ್ನೊಂದು ಕಾವು ಹಿಡಿಯಲಿ ಎಂದೇ ಎರಡು. ಮೊಟ್ಟೆ ಇನ್ನೂ ಇಟ್ಟಿಲ್ಲ. ಅದೇ ಭಾರಕ್ಕೆ ಸರಿಯಾಗಿ, ಒಟ್ಟು ಎರಡೂವರೆ ಲೀಟರ್ ನೀರನ್ನು ಸಣ್ಣ ಬಾಟಲಿಗಳಲ್ಲಿ ತುಂಬಿಟ್ಟು ಪರೀಕ್ಷೆ ನಡೆದಿದೆ. ಖಾಲಿ ಪೆಟ್ಟಿಗೆಯಲ್ಲಿ ಹೊಂದಿಸಿದ ಕಾವು ಭಾರ ಬಿದ್ದೊಡನೆ ಬದಲಾಗುತ್ತದೆ, ಆದ್ದರಿಂದ ಈ ಬಾಟಲಿಗಳನ್ನು ಬಿಡುವಂತಿಲ್ಲ.

ಹಿಂದಿನ ಹಂತದಲ್ಲಿ ರಿಲೇ ಇತ್ತು. 37.6 ಡಿಗ್ರಿ ದಾಟಿದರೆ ಆಫ್, ಇಳಿದರೆ ಆನ್. ಬಲ್ಬ್ ಆರಿದರೂ ಅದರ ಗಾಜಿನಲ್ಲಿ ಉಳಿದ ಬಿಸಿ ಗಾಳಿಗೆ ಸೇರುತ್ತಲೇ ಇರುತ್ತದೆ. ಸೆನ್ಸರ್ ಕೂಡ ತನ್ನ ಪ್ಲಾಸ್ಟಿಕ್ ಕವಚ ಬಿಸಿಯಾದ ಮೇಲೆಯೇ ಸುದ್ದಿ ಕೊಡುತ್ತದೆ. ಎರಡೂ ಸೇರಿ ಕಾವು 36.9ರಿಂದ 38.4ರವರೆಗೆ ತೂಗಾಡುತ್ತಿತ್ತು. ಈಗ ರಿಲೇ ಬದಲು ಎಸ್‌ಎಸ್‌ಆರ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಹಾಕಿ, ಪ್ರತಿ 10 ಸೆಕೆಂಡಿನಲ್ಲಿ ಬೇಕಾದಷ್ಟು ಹೊತ್ತು ಮಾತ್ರ ಬಲ್ಬ್ ಉರಿಯುವಂತೆ ಮಾಡಲಾಗಿದೆ. ಸೆನ್ಸರನ್ನು ಟ್ರೇ ಮಟ್ಟಕ್ಕೆ ಇಳಿಸಿ, ಬಲ್ಬಿನ ಬೆಳಕು ನೇರವಾಗಿ ಬೀಳದಂತೆ ರಟ್ಟಿನ ಮರೆ ಕೊಟ್ಟಿದೆ. ತೂಗಾಟ 0.2 ಡಿಗ್ರಿಗೆ ಇಳಿಯಿತು. ಕೋಣೆಯಲ್ಲಿ 26 ಡಿಗ್ರಿ ಇರುವಾಗ ಬಲ್ಬುಗಳು ಉರಿಯುವುದು ಹತ್ತರಲ್ಲಿ ಮೂರು ಸೆಕೆಂಡಿನಷ್ಟೇ.

```
e = 37.6 - T;
I = constrain(I + 0.05*e, 0, 60);
duty = constrain(40*e + I, 0, 100);
digitalWrite(SSR, (millis() % 10000) < duty*100);
```

`T` ಸೆನ್ಸರಿನ ಓದು, `I` ಪ್ರತಿ ಸಲದ ವ್ಯತ್ಯಾಸ ಕೂಡುತ್ತಾ ಹೋಗುವ ಮೊತ್ತ, `duty` ಬಲ್ಬ್ ಉರಿಯಬೇಕಾದ ಹೊತ್ತಿನ ಶೇಕಡಾ ಪಾಲು. ಮೊದಲ ಮೂರು ಸಾಲು 2 ಸೆಕೆಂಡಿಗೊಮ್ಮೆ ಓಡಬೇಕು, ಕೊನೆಯದು ಪ್ರತಿ ಸುತ್ತಿನಲ್ಲೂ.

ಎರಡನೇ ರಾತ್ರಿ 3 ಗಂಟೆಗೆ ಮೋಟಾರ್ ಟ್ರೇ ತಿರುಗಿಸಿ ನಿಂತಿತು. ಅಲ್ಲಿಂದ ಕಾವು ಇಳಿಯುತ್ತಲೇ ಹೋಗಿ ಬೆಳಿಗ್ಗೆ 29 ಡಿಗ್ರಿಗೆ ಬಂದಿತ್ತು. ಬಲ್ಬ್ ಸುಟ್ಟಿರಲಿಲ್ಲ, ಎಸ್‌ಎಸ್‌ಆರ್ ಸರಿಯಿತ್ತು, ಪರದೆಯ ಮೇಲೆ ತಾಪಮಾನವೂ ಸರಿಯಾಗಿ ಬರುತ್ತಿತ್ತು. ದಾಖಲೆ ತೆರೆದು ನೋಡಿದರೆ 3 ಗಂಟೆಯ ತಿರುವು ಮುಗಿದ ಕ್ಷಣದಲ್ಲಿ ಒಂದೇ ಒಂದು ಸಾಲಿನಲ್ಲಿ `nan`, ಅಂದರೆ ಸಂಖ್ಯೆಯೇ ಅಲ್ಲದ ಓದು, ಇತ್ತು. ಮೋಟಾರ್ ಆಫ್ ಆಗುವಾಗ ಎದ್ದ ವೋಲ್ಟೇಜ್ ಚಿಮ್ಮು ಡಿಎಚ್‌ಟಿ22 ಸೆನ್ಸರಿನ ತಂತಿಗೆ ತಗುಲಿ ಆ ಒಂದು ಓದು ಕೆಟ್ಟಿತ್ತು. ಕೆಟ್ಟ ಓದಿನ `nan` ಲೆಕ್ಕದಲ್ಲಿ `I` ಒಳಗೆ ಸೇರಿತು. `nan`ಗೆ ಏನನ್ನು ಕೂಡಿಸಿದರೂ ಅದು `nan` ಆಗಿಯೇ ಉಳಿಯುತ್ತದೆ, `constrain` ಕೂಡ ಅದನ್ನು ತಡೆಯುವುದಿಲ್ಲ. ಕೊನೆಯ ಸಾಲಿನ ಹೋಲಿಕೆ ಸದಾ ಸುಳ್ಳು ಎಂದೇ ಬರುವುದರಿಂದ ಬಲ್ಬ್ ಮತ್ತೆ ಹೊತ್ತಿಕೊಳ್ಳಲೇ ಇಲ್ಲ. ನಿಜವಾದ ಮೊಟ್ಟೆಗಳಿದ್ದಿದ್ದರೆ ಅಷ್ಟೂ ಅಪಾಯಕ್ಕೆ ಸಿಕ್ಕುತ್ತಿದ್ದವು.

ಮದ್ದು ಎರಡು ಕಡೆ ಬೇಕು. ಲೆಕ್ಕಕ್ಕೆ ಮುಂಚೆ `if (isnan(T))` ಪರೀಕ್ಷೆ: ಓದು ಕೆಟ್ಟರೆ ಹಿಂದಿನ `duty` ಹಾಗೇ ಇರಲಿ, ಸತತ ಐದು ಸಲ ಕೆಟ್ಟರೆ ಬಲ್ಬ್ ಆರಿಸಿ ಬಜರ್ ಕೂಗಲಿ. ಜೊತೆಗೆ ಮೋಟಾರಿನ ಎರಡು ತುದಿಗಳ ನಡುವೆ 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್, 275 ವೋಲ್ಟ್ ಎಕ್ಸ್2 ಕೆಪಾಸಿಟರ್ ಸರಣಿಯಲ್ಲಿ. ಇದನ್ನು ಮೋಟಾರ್ ನಡೆಸುವ ರಿಲೇಯ ಕಾಂಟ್ಯಾಕ್ಟಿಗೆ ಅಡ್ಡಲಾಗಿ ಹಾಕಬೇಡಿ. ರಿಲೇ ಆಫ್ ಇದ್ದಾಗಲೂ ಅದರ ಮೂಲಕ ಸೋರುವ ಕರೆಂಟಿಗೆ ಇಷ್ಟು ಚಿಕ್ಕ ಮೋಟಾರ್ ಗುಂಯ್‌ಗುಡಬಹುದು.

ತಿರುಗಿಸುವ ವ್ಯವಸ್ಥೆ: 230 ವೋಲ್ಟಿನ, ನಿಮಿಷಕ್ಕೆ 2.5 ಸುತ್ತಿನ ಸಿಂಕ್ರೊನಸ್ ಗೇರ್ ಮೋಟಾರ್. ಇದು ಯಾವ ದಿಕ್ಕಿಗೆ ಹೊರಡುತ್ತದೆ ಎಂದು ಹೇಳಲಾಗದು, ಕ್ರ್ಯಾಂಕ್ ಇದ್ದರೆ ದಿಕ್ಕಿನ ಚಿಂತೆಯೂ ಇಲ್ಲ. ಅರ್ಧ ಸುತ್ತಿಗೆ 12 ಸೆಕೆಂಡು, ಟ್ರೇ 45 ಡಿಗ್ರಿ ಈ ಕಡೆಯಿಂದ 45 ಡಿಗ್ರಿ ಆ ಕಡೆಗೆ. ಎರಡೂ ತುದಿಯಲ್ಲಿ ಲಿಮಿಟ್ ಸ್ವಿಚ್. 20 ಸೆಕೆಂಡಾದರೂ ಸ್ವಿಚ್ ಒತ್ತದಿದ್ದರೆ ಟ್ರೇ ಸಿಕ್ಕಿಕೊಂಡಿದೆ ಎಂದರ್ಥ, ಮೋಟಾರ್ ನಿಲ್ಲಿಸಬೇಕು.

ಗಂಟೆಯ ಲೆಕ್ಕವನ್ನು `millis()` ಮೇಲೆ ಬಿಡುವುದು ನಮ್ಮ ಹಳ್ಳಿ ಕಡೆ ನಡೆಯದು. ಮುಕ್ಕಾಲು ಗಂಟೆಗೊಮ್ಮೆ ಕರೆಂಟ್ ಹೋಗಿ ಬಂದರೆ ಎಣಿಕೆ ಪ್ರತಿ ಸಲ ಸೊನ್ನೆಯಿಂದ ಶುರುವಾಗಿ, ಟ್ರೇ ಇಡೀ ದಿನ ಅಲುಗುವುದೇ ಇಲ್ಲ. ಈಗ ಡಿಎಸ್3231 ಗಡಿಯಾರವಿದೆ, ಕೊನೆಯ ತಿರುವಿನ ಹೊತ್ತು ಕರೆಂಟ್ ಹೋದರೂ ಅಳಿಯದ ಈಈಪ್ರಾಮ್‌ನಲ್ಲಿ ಉಳಿಯುತ್ತದೆ. ಕರೆಂಟ್ ಬಂದೊಡನೆ ಎರಡೂ ಸ್ವಿಚ್ ಬಿಟ್ಟಿದ್ದರೆ ಟ್ರೇ ನಡುದಾರಿಯಲ್ಲಿದೆ ಎಂದು ತಿಳಿದು ಮೊದಲು ಆ ತಿರುವನ್ನು ಮುಗಿಸುತ್ತದೆ. ಮೊಟ್ಟೆ ಇಟ್ಟ ದಿನಾಂಕವೂ ಅಲ್ಲೇ ಇದೆ, 18 ದಿನ ತುಂಬಿದಾಗ ತಿರುಗುವುದು ತಾನಾಗಿ ನಿಲ್ಲುತ್ತದೆ.

ತೇವಾಂಶಕ್ಕೆ ಪಂಪು, ಫಾಗರ್ ಏನೂ ಇಲ್ಲ. ನೀರಿನ ತಟ್ಟೆಯ ಅಗಲವೇ ಹಿಡಿತ, ಆಳದಿಂದ ಏನೂ ಆಗದು. ಒಂದು ತಟ್ಟೆಗೆ 52% ಆಸುಪಾಸು ನಿಲ್ಲುತ್ತದೆ, ಕೊನೆಯ ಮೂರು ದಿನ ಎರಡನೆಯದನ್ನೂ ಇಟ್ಟರೆ 67%. ಸೆನ್ಸರ್ ಹೇಳುವುದು ನಿಜವೇ ಎಂದು ನೋಡಲು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪನ್ನು ಒದ್ದೆ ಮರಳಿನಂತೆ ಕಲಸಿ, ಸೆನ್ಸರ್ ಜೊತೆ ಬಿಗಿ ಡಬ್ಬಿಯಲ್ಲಿ ಎಂಟು ಗಂಟೆ ಇಟ್ಟೆವು. 75% ಬರಬೇಕಿತ್ತು, ಬಂದದ್ದು 79. ಆ 4ನ್ನು ಕೋಡಿನಲ್ಲಿ ಕಳೆದಿದೆ.

ಎಸ್‌ಎಸ್‌ಆರ್ ಕೆಟ್ಟರೆ ಬಹುಪಾಲು ಆನ್ ಆಗಿಯೇ ಉಳಿದುಬಿಡುತ್ತದೆ. ಅದಕ್ಕೇ ಬಲ್ಬಿನ ಲೈನಿನಲ್ಲಿ ಬೇರೆಯದೇ ಸೆನ್ಸರ್ ಇರುವ ಎಸ್‌ಟಿಸಿ-1000 ಥರ್ಮೋಸ್ಟಾಟ್ ಅನ್ನು 38.8ಕ್ಕೆ ಕಡಿಯುವಂತೆ ಸೇರಿಸುವ ಕೆಲಸ ಬಾಕಿ. ಅದಾದ ಮೇಲೆ ನಾಟಿ ಕೋಳಿ ಮೊಟ್ಟೆಗಳನ್ನು ತೂಗಿ ಇಡುವುದು. 50 ಗ್ರಾಂ ಮೊಟ್ಟೆ 18ನೇ ದಿನಕ್ಕೆ 44ರ ಹತ್ತಿರ ಬರಬೇಕು. 46ರಲ್ಲೇ ನಿಂತರೆ ಪೆಟ್ಟಿಗೆಯಲ್ಲಿ ತೇವ ಹೆಚ್ಚಿದೆ, ಮುಂದಿನ ಸಲ ಸಣ್ಣ ತಟ್ಟೆ.